‘ಅವಳು’ ಅನ್ನಲಾ, ‘ನೀನು’ ಅನ್ನಲಾ?

ಕಥೆಯ ಒಂದೇ ದೃಶ್ಯವನ್ನು ಎರಡು ಥರ ಬರೆದು ನೋಡಿ.

‘ಅವಳು ಬೀಗ ತೆಗೆದಳು. ಒಳಗೆ ಅಪ್ಪನ ಬೀಡಿ ವಾಸನೆ ಇನ್ನೂ ಇತ್ತು.’

‘ಬೀಗ ತೆಗೆಯುತ್ತೀಯ. ಒಳಗೆ ಅಪ್ಪನ ಬೀಡಿ ವಾಸನೆ ಇನ್ನೂ ಇದೆ.’

ಮೊದಲನೆಯದರಲ್ಲಿ ಓದುವವರು ಹೊಸ್ತಿಲಾಚೆ ನಿಂತು ನೋಡುತ್ತಾರೆ. ಎರಡನೆಯದರಲ್ಲಿ ಬೀಗದ ಕೈ ಅವರ ಕೈಯಲ್ಲೇ ಇದೆ. ಇದಕ್ಕೆ ಕನ್ನಡದ ಸಹಾಯವೂ ಉಂಟು. ‘ತೆಗೆದಳು’ ಅಂದರೆ ಹೆಣ್ಣು ಅಂತ ತೀರ್ಮಾನವಾಯಿತು. ‘ತೆಗೆಯುತ್ತೀಯ’ದಲ್ಲಿ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ಹಾಗಾಗಿ ಯಾರು ಬೇಕಾದರೂ ಆ ಜಾಗಕ್ಕೆ ಬರಬಹುದು. ‘ನೀನು’ ಅನ್ನೋ ಪದವೂ ಬೇಕಿಲ್ಲ, ಕ್ರಿಯಾಪದವೇ ಅದನ್ನು ಹೇಳುತ್ತದೆ. ಪ್ರತಿ ವಾಕ್ಯಕ್ಕೂ ‘ನೀನು’ ಹಾಕಿದರೆ ಯಾರೋ ಬೈಯುತ್ತಿರುವ ಹಾಗೆ ಕೇಳುತ್ತದೆ, ಅಲ್ವಾ?

‘ನೀವು’ ಹಾಕಿದರೆ? ‘ಬೀಗ ತೆಗೆಯುತ್ತೀರಿ’ ಅನ್ನುವುದು ನನಗಂತೂ ಪ್ರವಾಸಿ ಗೈಡ್ ಮಾತಾಡಿದ ಹಾಗಿರುತ್ತದೆ.

ತೊಡಕು ಇರುವುದು ಕಾಲದಲ್ಲಿ. ‘ತೆಗೆಯುತ್ತೀಯ’ ಅಂದರೆ ಈಗಲೂ ಆಗಬಹುದು, ದಿನಾ ಮಾಡುವ ಕೆಲಸವೂ ಆಗಬಹುದು, ನಾಳೆಯದೂ ಆಗಬಹುದು. ‘ತೆಗೆಯುತ್ತಿದ್ದೀಯ’ ಅಂತ ಬದಲಿಸಿದರೆ ಗೊಂದಲ ಹೋಗುತ್ತದೆ, ಆದರೆ ಓಟ ನಿಧಾನವಾಗುತ್ತದೆ. ಅದರ ಬದಲು ಒಮ್ಮೆ ಮಾತ್ರ ಆಗುವಂಥದ್ದನ್ನು ಪಕ್ಕದಲ್ಲಿಡಿ: ‘ಬೀಗ ತೆಗೆಯುತ್ತೀಯ. ಕೀಲಿ ಅರ್ಧಕ್ಕೆ ಮುರಿಯುತ್ತದೆ.’ ಈಗ ಇದು ಇವತ್ತಿನದೇ.

ಇನ್ನೊಂದು ತಪ್ಪು, ‘ನಿನಗೆ ಅಳು ಬರುತ್ತದೆ’ ಅನ್ನುವುದು. ‘ನನಗೇನೂ ಬರಲಿಲ್ಲವಲ್ಲ’ ಅಂತ ಓದುವವರು ಆಚೆ ಬಂದುಬಿಡುತ್ತಾರೆ. ಬೀಡಿ ವಾಸನೆ ಕೊಟ್ಟು ಸುಮ್ನೆ ಇರಿ.

ಎರಡು ಮೂರು ಪುಟದ, ಒಂದೇ ರಾತ್ರಿಯ ಕಥೆಯಾದರೆ ‘ನೀನು’ ಆರಿಸಿ. ಅಪ್ಪ-ಮಗಳ ಇಪ್ಪತ್ತು ವರ್ಷದ ಜಗಳ ಹೇಳಬೇಕಿದ್ದರೆ ‘ಅವಳು’ ವಾಸಿ. ಅಷ್ಟೊಂದು ಹಳೆಯ ನೆನಪನ್ನು ಓದುವವರ ತಲೆಗೆ ಕಟ್ಟುವುದು ಕಷ್ಟ.