ಬಾಡಿಗೆದಾರರ ಹೆಸರು ಬದಲಾವಣೆ: ಮಾಲೀಕರ ಬಾಯಿಮಾತಿನ ಒಪ್ಪಿಗೆಯನ್ನು ನೆಚ್ಚಿಕೊಳ್ಳಬೇಡಿ

ಪಾಲುದಾರಿಕೆ ಸಂಸ್ಥೆಯನ್ನು ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾಗಿ ಪರಿವರ್ತಿಸಲು ಹೊರಟಿರುವವರು, ತಮ್ಮ ಅಂಗಡಿ ಅಥವಾ ಗೋದಾಮು ಬಾಡಿಗೆಯದ್ದಾಗಿದ್ದರೆ, ಪರಿವರ್ತನೆಯ ಅರ್ಜಿ ಸಲ್ಲಿಸುವ ಮೊದಲೇ ಮಾಲೀಕರ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ನೋಂದಾಯಿತ ಕರಾರಿನ ಮೇಲೆ ನಾವು ಹಿಡಿದಿದ್ದ ಗೋದಾಮಿನ ವಿಷಯದಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯಿಂದ ಹೋದ ಪತ್ರದಲ್ಲಿ ಸಂಸ್ಥೆಯ ಹೆಸರು ಬದಲಾಗುತ್ತಿದೆ, ಕರಾರಿನಲ್ಲಿ ತಿದ್ದಿಕೊಡಿ ಎಂದಷ್ಟೇ ಇತ್ತು. ಮಾಲೀಕರು ಫೋನಿನಲ್ಲಿ "ಆಗಲಿ ಬಿಡಿ, ಬಾಡಿಗೆ ಸರಿಯಾಗಿ ಬಂದರೆ ಸಾಕು" ಎಂದರೇ ಹೊರತು ಒಂದು ಸಾಲನ್ನೂ ಬರೆದುಕೊಡಲಿಲ್ಲ. ಪರಿವರ್ತನೆಯ ನಂತರ ಪ್ಯಾನ್, ಟ್ಯಾನ್, ಜಿಎಸ್‌ಟಿ ಸಂಖ್ಯೆ ಮೂರೂ ಹೊಸದಾದವು. ಮಾಲೀಕರ ಬಾಡಿಗೆ ಬಿಲ್ ಮಾತ್ರ ಹಳೆಯ ಜಿಎಸ್‌ಟಿ ಸಂಖ್ಯೆಗೇ ಬರುತ್ತಿದ್ದುದರಿಂದ, ಅದರ ಮೇಲಿನ ಶೇ. 18 ತೆರಿಗೆಯ ಕ್ರೆಡಿಟ್ ಎಲ್‌ಎಲ್‌ಪಿಗೆ ಸಿಗದೆ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬೇರೆಡೆ. ಬಾಡಿಗೆಯಲ್ಲಿ ಹಿಡಿದ ಶೇ. 10ರ ಟಿಡಿಎಸ್ ಹೊಸ ಟ್ಯಾನ್‌ನಲ್ಲಿ ಜಮೆಯಾಗಿ, ಯಾರು ಎಷ್ಟು ತೆರಿಗೆ ಹಿಡಿದು ಕಟ್ಟಿದ್ದಾರೆಂದು ತೋರಿಸುವ ಮಾಲೀಕರ 26ಎಎಸ್ ಪಟ್ಟಿಯಲ್ಲಿ ಎಲ್‌ಎಲ್‌ಪಿಯ ಹೆಸರು ಕಾಣಿಸಿಕೊಂಡಿತ್ತು. ಪೂರ್ವಾನುಮತಿ ಇಲ್ಲದೆ ಸ್ವತ್ತನ್ನು ಮೂರನೆಯವರಿಗೆ ವಹಿಸಿ ಕರಾರು ಮುರಿದಿದ್ದೀರಿ ಎಂದು ಬಂದ ವಕೀಲರ ನೋಟಿಸಿಗೆ ಅದೇ ಪಟ್ಟಿ ಲಗತ್ತಾಗಿತ್ತು.

2008ರ ಎಲ್‌ಎಲ್‌ಪಿ ಕಾಯ್ದೆಯ 58ನೇ ಕಲಮಿನಂತೆ ಹಳೆಯ ಸಂಸ್ಥೆಯ ಆಸ್ತಿ, ಹಕ್ಕು, ಹೊಣೆಗಳೆಲ್ಲ ಎಲ್‌ಎಲ್‌ಪಿಗೆ ಸೇರುತ್ತವೆ. ಎರಡನೇ ಅನುಸೂಚಿಯಂತೆ ಹಳೆಯ ಕರಾರುಗಳೂ ಅದರ ಹೆಸರಿನಲ್ಲಿ ಮುಂದುವರಿಯುತ್ತವೆ. ಆದರೆ ಕಂಪನಿಗಳ ವಿಲೀನದಿಂದ ಬಾಡಿಗೆ ಹಕ್ಕು ಕೈಬದಲಾದದ್ದನ್ನು ಸುಪ್ರೀಂ ಕೋರ್ಟ್ 1986 ಮತ್ತು 2004ರ ತೀರ್ಪುಗಳಲ್ಲಿ ಒಳಬಾಡಿಗೆಯೆಂದೇ ಎಣಿಸಿದೆ. ಅವು ಬಾಡಿಗೆ ನಿಯಂತ್ರಣ ಕಾಯ್ದೆಗಳ ಅಡಿಯ ಪ್ರಕರಣಗಳು, ನಮ್ಮದಕ್ಕೆ ನೇರವಾಗಿ ಒಪ್ಪುವುದಿಲ್ಲ ಎಂಬ ವಾದ ನಮಗಿತ್ತು. ಆದರೆ ಮಾಲು ತುಂಬಿದ ಗೋದಾಮನ್ನು ಇಟ್ಟುಕೊಂಡು ಆ ವಾದವನ್ನು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆಯುವ ತಾಕತ್ತು ಸಣ್ಣ ವ್ಯಾಪಾರಿಗಳಿಗೆ ಇರುವುದಿಲ್ಲ. ನೋಟಿಸ್ ಕೊಟ್ಟವರಿಗೂ ಅದು ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಪತ್ರದಲ್ಲಿ ಹೆಸರು ಬದಲಾವಣೆ ಎಂದಷ್ಟೇ ಬರೆಯದೆ, ಇಂಥ ಕಲಮಿನಡಿ ಪರಿವರ್ತನೆಯಾಗುತ್ತಿದೆ, ಪಾಲುದಾರರು ಅವರೇ, ಸ್ವಾಧೀನ ಬೇರೆ ಯಾರಿಗೂ ಹೋಗುವುದಿಲ್ಲ ಎಂದು ಸ್ಪಷ್ಟಪಡಿಸಿ, ಕರಾರಿನ ನೋಂದಣಿ ಸಂಖ್ಯೆ ಮತ್ತು ಅನುಮತಿ ಬೇಡುವ ಷರತ್ತಿನ ಸಂಖ್ಯೆಯನ್ನು ನಮೂದಿಸಬೇಕು. ಪರಿವರ್ತನೆಗೆ ಮುಂಚಿನ ಬಾಕಿಗೆ ಪಾಲುದಾರರು ವೈಯಕ್ತಿಕವಾಗಿಯೂ ಹೊಣೆಗಾರರಾಗಿ ಉಳಿಯುತ್ತಾರೆಂದು ಕಾಯ್ದೆಯೇ ಹೇಳುವುದರಿಂದ, ಅದನ್ನೂ ಬರೆದರೆ ಮಾಲೀಕರ ಅಳುಕು ಕಡಿಮೆಯಾಗುತ್ತದೆ. ಠೇವಣಿಯನ್ನು ಎಲ್‌ಎಲ್‌ಪಿಯ ಖಾತೆಗೆ ಜಮೆಯೆಂದು ಪರಿಗಣಿಸಬೇಕು, ಇಂಥ ದಿನಾಂಕದಿಂದ ಬಿಲ್ ಹೊಸ ಜಿಎಸ್‌ಟಿ ಸಂಖ್ಯೆಗೆ ಬರಬೇಕು ಎಂಬ ಎರಡು ಕೋರಿಕೆಗಳನ್ನು ಬೇರೆಯಾಗಿ ಬರೆಯಿರಿ. ಪತ್ರದ ಕೆಳಗೆ ಮಾಲೀಕರ ಸಹಿಗೆ "ಒಪ್ಪಿದೆ" ಎಂಬ ಸಾಲು ಬಿಟ್ಟು ಎರಡು ಪ್ರತಿ ಮಾಡಿ, ಸಹಿಯಾದ ಒಂದನ್ನು ನೀವಿಟ್ಟುಕೊಳ್ಳಿ. ಮೂಲ ಕರಾರು ನೋಂದಣಿಯಾಗಿದ್ದರೆ ಪೂರಕ ಕರಾರನ್ನೂ ನೋಂದಾಯಿಸಿ.

ನಮ್ಮ ವ್ಯಾಜ್ಯ ಹೆಚ್ಚಿದ ಬಾಡಿಗೆಯ ಹೊಸ ಕರಾರಿನಲ್ಲಿ ಮುಗಿಯಿತು. ಮುದ್ರಾಂಕ ಶುಲ್ಕವನ್ನೂ ನೋಂದಣಿ ಶುಲ್ಕವನ್ನೂ ಮತ್ತೊಮ್ಮೆ ನಾವೇ ತೆತ್ತೆವು. ಠೇವಣಿಯ ರಸೀದಿ ಈಗ ಅಸ್ತಿತ್ವದಲ್ಲೇ ಇಲ್ಲದ ಹಳೆಯ ಸಂಸ್ಥೆಯ ಹೆಸರಿನಲ್ಲೇ ಇದ್ದು, ಅದನ್ನು ಬದಲಿಸಿಕೊಡುವಂತೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.