ಸೋರಿದ ಬಾಟಲಿ, ಮೂರು ಬಗೆಯ ಉತ್ತರ

ಶಿರಸಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೊರಿಯರ್‌ನಲ್ಲಿ ಕಳಿಸುವ ನನಗೆ ಬರುವ ದೂರು ಹೆಚ್ಚಾಗಿ ಒಂದೇ. ಮುಚ್ಚಳ ಸಡಿಲವಾಗಿ ರಸ ಸೋರಿದೆ ಅಂತ. ಪೆಟ್ಟಿಗೆ ದಾರಿಯಲ್ಲಿ ತಲೆಕೆಳಗಾದರೆ ಹೀಗಾಗುತ್ತದೆ. ತೊಂದರೆ ಒಂದೇ ಆಗಿದ್ದರಿಂದ, ಬೇರೆ ಬೇರೆ ಬಗೆಯ ಉತ್ತರ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ಸಾಧ್ಯವಾಯಿತು.

ಮೊದಲು ಬರೆಯುತ್ತಿದ್ದುದು ಎಲ್ಲರೂ ಬರೆಯುವಂಥದ್ದೇ: "ಆದ ತೊಂದರೆಗೆ ವಿಷಾದಿಸುತ್ತೇವೆ. ಶೀಘ್ರದಲ್ಲೇ ಸರಿಪಡಿಸುತ್ತೇವೆ." ಬರೆಯಲು ಅರ್ಧ ನಿಮಿಷ ಸಾಕು. ಆದರೆ ಮರುದಿನವೇ ಫೋನ್ ಬರುತ್ತಿತ್ತು, "ಶೀಘ್ರ ಅಂದ್ರೆ ಯಾವಾಗ?" ಅಂತ. ಅದರ ಮರುದಿನ ಮತ್ತೆ. ದಿನ ಹೇಳದೆ ಉಳಿಸಿದ ಅರ್ಧ ನಿಮಿಷ ನಾಲ್ಕು ಫೋನ್‌ಗಳಲ್ಲಿ ಹೋಗುತ್ತಿತ್ತು.

ಎರಡನೆಯದು, ಕಾರಣ ವಿವರಿಸುವ ಉದ್ದ ಉತ್ತರ. ಮುಚ್ಚಳದ ಮೇಲೆ ಟೇಪ್ ಸುತ್ತಿದ್ದೆವು, ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿದ್ದೆವು, ಕೊರಿಯರ್‌ನವರು ನೋಡಲಿಲ್ಲ, ಹೀಗೆ. ಒಂದು ಮಾತೂ ಸುಳ್ಳಲ್ಲ. ಆದರೂ ಗ್ರಾಹಕರೊಬ್ಬರು ತಿರುಗಿ ಬರೆದರು: "ಹಾಗಾದ್ರೆ ನಿಮ್ಮ ತಪ್ಪಿಲ್ಲ ಅಂತೀರಾ?" ಆಗ ನನಗೆ ನಿಜವಾಗಿ ನೋವಾಯಿತು. ಅವರ ಬಟ್ಟೆ, ಅವರ ಚೀಲ ಎಲ್ಲ ಎಣ್ಣೆ, ಉಪ್ಪುನೀರು ಆಗಿತ್ತು. ನಾನು ಬರೆದದ್ದು ಪೂರ್ತಿ ನನ್ನ ಕಡೆಯ ಕಥೆ.

ಮೂರನೆಯದನ್ನು ಬರೆದದ್ದು ಬೆಂಗಳೂರಿನ ಒಬ್ಬ ಮೇಡಂಗೆ. ಮಗಳು ಭಾನುವಾರ ವಿದೇಶಕ್ಕೆ ಹೊರಟಿದ್ದಳು. ಅವಳಿಗೆಂದೇ ತರಿಸಿದ ಅರ್ಧ ಕಿಲೋದ ಎರಡು ಬಾಟಲಿಗಳಲ್ಲಿ ಒಂದು ಸೋರಿತ್ತು. ದೂರು ಬಂದದ್ದು ಮಂಗಳವಾರ ಸಂಜೆ. ನಾನು ಬರೆದದ್ದು ಇಷ್ಟು:

"ಮೇಡಂ, ನಮಸ್ಕಾರ. ಮಗಳ ಜೊತೆ ಕಳಿಸಬೇಕೆಂದು ತರಿಸಿದ ಬಾಟಲಿಯೇ ಸೋರಿದೆ. ಹೊರಡುವ ಗಡಿಬಿಡಿಯ ನಡುವೆ ನಿಮಗೆ ಇದೊಂದು ಕೆಲಸ ಹೆಚ್ಚಾಯಿತು. ನಮ್ಮ ಮುಚ್ಚಳ ಗಟ್ಟಿಯಾಗಿರಬೇಕಿತ್ತು, ಕ್ಷಮಿಸಿ. ಹೊಸ ಬಾಟಲಿ ನಾಳೆ ಬುಧವಾರ ಬೆಳಿಗ್ಗೆ 11ರೊಳಗೆ ಕೊರಿಯರ್‌ಗೆ ಹೋಗುತ್ತದೆ. 12ಕ್ಕೆ ಅದರ ನಂಬರ್ ಕಳಿಸುತ್ತೇನೆ. ಶುಕ್ರವಾರ ಸಂಜೆ 5ಕ್ಕೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಅಷ್ಟರಲ್ಲಿ ಬಂದಿಲ್ಲದಿದ್ದರೆ ಇನ್ನೊಂದು ಬಾಟಲಿಯನ್ನು ಅದೇ ರಾತ್ರಿಯ ಬಸ್ಸಿಗೆ ಹಾಕುತ್ತೇನೆ. ಸೋರಿದ್ದನ್ನು ವಾಪಸ್ ಕಳಿಸುವುದು ಬೇಡ. ಬಾಟಲಿ ಬೇಡವೆಂದರೆ ಹೇಳಿ, ಇವತ್ತೇ ಹಣ ಮರಳಿಸುತ್ತೇನೆ. ನೀವು ಕಾರ್ಡ್‌ನಲ್ಲಿ ಕೊಟ್ಟಿದ್ದರಿಂದ ಅದು ಖಾತೆಗೆ ಸೇರಲು 5ರಿಂದ 7 ಕೆಲಸದ ದಿನ ಹಿಡಿಯಬಹುದು."

ಈ ಉತ್ತರದ ಬೆಲೆ ಭಾನುವಾರದಲ್ಲಿದೆ. "ನಿಮ್ಮ ನೋವು ಅರ್ಥವಾಗುತ್ತದೆ" ಅಂತ ನಾನು ಬರೆಯಲಿಲ್ಲ. ಅವರು ಹೇಳಿದ ದಿನಕ್ಕೆ ನನ್ನ ದಿನಗಳನ್ನು ಹೊಂದಿಸಿದೆ, ಅಷ್ಟೇ. ಅವರ ಮಾತನ್ನು ಪೂರ್ತಿ ಓದಿದ್ದೇನೆ ಅಂತ ಅದರಿಂದಲೇ ಗೊತ್ತಾಗುತ್ತದೆ, ಅಲ್ವಾ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಭಾನುವಾರ ವಿಮಾನ ಹತ್ತುವ ಮಗಳಿಗೆ ಆ ಒಂದು ತಿಂಗಳು ಯಾವ ಉಪಯೋಗಕ್ಕೂ ಬರುವುದಿಲ್ಲ.

ಶುಕ್ರವಾರ 5ಕ್ಕೆ ಫೋನ್ ಮಾಡಿದೆ. ಬಂದಿರಲಿಲ್ಲ. ರಾತ್ರಿ ಬಸ್ಸಿಗೆ ಹಾಕಿದೆ, ಶನಿವಾರ ಬೆಳಿಗ್ಗೆ ಅವರ ಯಜಮಾನರು ಹೋಗಿ ತಂದರು. ನಡುವೆ ಅವರಿಂದ ಒಂದು ಫೋನೂ ಬರಲಿಲ್ಲ. ಎರಡು ಬಾಟಲಿ, ಒಂದು ಕೊರಿಯರ್, ಒಂದು ಬಸ್ ಪಾರ್ಸೆಲ್, ಎಲ್ಲ ಸೇರಿ ಆ ಮಾರಾಟದಲ್ಲಿ ನನಗೆ ಏನೂ ಉಳಿಯಲಿಲ್ಲ. ಪ್ರತಿ ದೂರಿಗೂ ಬಸ್ಸಿನ ಮಾತು ಕೊಡಲು ಆಗುವುದಿಲ್ಲ. ದಿನದ ಒತ್ತಡ ಇರುವವರಿಗೆ ಮಾತ್ರ ಕೊಡುತ್ತೇನೆ.

ಇದೇ ಬಗೆಯ ಉತ್ತರದಲ್ಲೂ ಒಮ್ಮೆ ಎಡವಿದ್ದೇನೆ. "ಗುರುವಾರ ನಿಮ್ಮ ಮನೆಗೆ ತಲುಪುತ್ತದೆ" ಅಂತ ಬರೆದುಬಿಟ್ಟೆ. ಮಳೆಗೆ ಘಾಟಿಯಲ್ಲಿ ಗಾಡಿ ನಿಂತಿತು, ಸೋಮವಾರ ತಲುಪಿತು. ಆ ಗ್ರಾಹಕರು ಸೋರಿದ್ದಕ್ಕಿಂತ ಮಾತು ತಪ್ಪಿದ್ದಕ್ಕೇ ಜಾಸ್ತಿ ಬೇಸರ ಮಾಡಿಕೊಂಡರು. ಅಂದಿನಿಂದ ನನ್ನ ಕೈಯಲ್ಲಿರುವುದಕ್ಕೆ ಮಾತ್ರ ಗಂಟೆ ಹೇಳುತ್ತೇನೆ: ಕಳಿಸುವುದು, ನಂಬರ್ ಕೊಡುವುದು, ಫೋನ್ ಮಾಡುವುದು. ತಲುಪುವುದಕ್ಕೆ "ಸಾಮಾನ್ಯವಾಗಿ ಎರಡು-ಮೂರು ದಿನ" ಅನ್ನುತ್ತೇನೆ. ಹೇಳಿದ ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೂ "ಇನ್ನೂ ಗೊತ್ತಾಗಿಲ್ಲ, ನಾಳೆ 11ಕ್ಕೆ ಮತ್ತೆ ಹೇಳುತ್ತೇನೆ" ಅಂತ ಫೋನ್ ಮಾಡುತ್ತೇನೆ.