ಹೇರ್ ಡೈ: ಅಮೋನಿಯಾ ಇರುವುದು, ಇಲ್ಲದ್ದು ಮತ್ತು ಬರೀ ಮೆಹಂದಿ

ಬಿಳಿಕೂದಲಿಗೆ ನಾನು ಮೂರನ್ನೂ ಹಚ್ಚಿ ನೋಡಿದ್ದೇನೆ: ಅಮೋನಿಯಾ ಇರುವ ಪರ್ಮನೆಂಟ್ ಡೈ, ‘ಅಮೋನಿಯಾ ಫ್ರೀ’ ಡೈ, ಮತ್ತು ಮೆಹಂದಿಯ ಮೇಲೆ ಇಂಡಿಗೊ ಪುಡಿ. ಮೂರರಲ್ಲಿ ಯಾವುದನ್ನು ಹಚ್ಚಿದರೂ ಯಾರಾದರೊಬ್ಬರು ‘ಕೂದಲೆಲ್ಲ ಉದುರಿಹೋಗುತ್ತೆ’ ಅನ್ನದೆ ಬಿಡುವುದಿಲ್ಲ.

ಉದುರುವುದೇ ಬೇರೆ, ತುಂಡಾಗುವುದೇ ಬೇರೆ. ಬಾಚಣಿಗೆಗೆ ಸಿಕ್ಕ ಕೂದಲನ್ನು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಬಂದದ್ದು. ದಿನಕ್ಕೆ 50ರಿಂದ 100 ಕೂದಲು ಹಾಗೆ ಬೀಳುವುದು ಎಲ್ಲರಿಗೂ ಇದ್ದದ್ದೇ. ಗುಂಡು ಇಲ್ಲದೆ, ಗಿಡ್ಡವಾಗಿ, ತುದಿ ಸೀಳಿದ್ದರೆ ಅದು ನಡುವೆ ಮುರಿದದ್ದು. ಅಮೋನಿಯಾ ಡೈ ಹಚ್ಚುತ್ತಿದ್ದ ದಿನಗಳಲ್ಲಿ ನನಗೆ ಸಿಗುತ್ತಿದ್ದವು ಬಹುಪಾಲು ಇಂಥ ತುಂಡುಗಳೇ.

ಕಾರಣ ಸರಳ. ಅಮೋನಿಯಾ ಕೂದಲಿನ ಹೊರಪದರವನ್ನು ಉಬ್ಬಿಸಿ ತೆರೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಒಳಹೊಕ್ಕು ಇದ್ದ ಬಣ್ಣವನ್ನು ತಿಳಿಯಾಗಿಸಿ, ಹೊಸ ಬಣ್ಣ ಕೂದಲಿನೊಳಗೇ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಇದೆಲ್ಲ ನಡೆಯುವುದು ಚರ್ಮದ ಹೊರಗಿನ, ಜೀವವಿಲ್ಲದ ಎಳೆಯಲ್ಲಿ. ಕೂದಲು ಹುಟ್ಟುವ ಬುಡ ಚರ್ಮದೊಳಗೆ ಆಳದಲ್ಲಿರುತ್ತದೆ. ಹಾಗಾಗಿ ಎಳೆ ಸವೆಯುತ್ತದೆ, ಬುಡಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನೆತ್ತಿಗೆ ಜೋರಾದ ಅಲರ್ಜಿಯಾಗಿ ಊದಿಕೊಂಡರೆ ಮಾತ್ರ ಎರಡು ಮೂರು ತಿಂಗಳ ಮೇಲೆ ಬುಡದಿಂದಲೂ ಕೂದಲು ಹೆಚ್ಚಾಗಿ ಬೀಳಬಹುದು. ಅದು ಹೆಚ್ಚಿನ ಸಲ ಮತ್ತೆ ಬೆಳೆಯುತ್ತದೆ.

ಎಷ್ಟು ಸವೆಯುತ್ತದೆ ಅನ್ನುವುದು ಹಚ್ಚುವ ರೀತಿಯ ಮೇಲಿದೆ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಅಂದರೆ 30 ಸೆಂ.ಮೀ. ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು. ಪ್ರತಿ ತಿಂಗಳು ಬುಡದಿಂದ ತುದಿಯವರೆಗೆ ಬಳಿದರೆ ಆ ತುದಿ ಸುಮಾರು 30 ಸಲ ಪೆರಾಕ್ಸೈಡ್ ಕಂಡಿರುತ್ತದೆ. ಹೊಸದಾಗಿ ಬೆಳೆದ ಬಿಳಿ ಭಾಗಕ್ಕಷ್ಟೇ ಹಚ್ಚಿದರೆ ಒಂದೇ ಸಲ. ಬ್ರ್ಯಾಂಡ್ ಬದಲಾಯಿಸಿದ್ದಕ್ಕಿಂತ ಇದರಿಂದಲೇ ನನಗೆ ಹೆಚ್ಚು ಲಾಭವಾಯಿತು.

ಅಮೋನಿಯಾ ಫ್ರೀ ಡೈಯಲ್ಲಿ ಕಣ್ಣುರಿಸುವ ವಾಸನೆ ಇಲ್ಲ, ಹಚ್ಚಿಕೊಂಡು ಕೂರುವುದು ಹಿತ. ಆದರೆ ಡಬ್ಬಿಯ ಹಿಂಬದಿ ಓದಿ: ಅಮೋನಿಯಾದ ಜಾಗದಲ್ಲಿ ಸಾಮಾನ್ಯವಾಗಿ ಅದೇ ಕೆಲಸ ಮಾಡುವ ಎಥನಾಲಮೀನ್ ಇರುತ್ತದೆ, ಪೆರಾಕ್ಸೈಡ್ ಇದ್ದೇ ಇರುತ್ತದೆ, ಹೆಚ್ಚಿನವುಗಳಲ್ಲಿ ಕಡುಬಣ್ಣ ಕೊಡುವ, ಅಲರ್ಜಿ ತರಬಲ್ಲ ಪಿಪಿಡಿ ಎಂಬ ರಾಸಾಯನಿಕ ಅಥವಾ ಅದರ ಹತ್ತಿರದ್ದೂ ಇರುತ್ತದೆ. ನನ್ನ ಕೂದಲಿನ ಒರಟುತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮೆಹಂದಿ, ಇಂಡಿಗೊ ಹೊರಪದರವನ್ನು ಹಾಗೆ ಒಡೆಯುವುದಿಲ್ಲ. ತುಂಡು ಕೂದಲು ಕಡಿಮೆಯಾದವು, ಮುಟ್ಟಿದರೆ ಸ್ವಲ್ಪ ಒಣಗಿದಂತೆ ಅನ್ನಿಸಿತು. ಇಡೀ ರಜಾದಿನ ಇದಕ್ಕೇ ಹೋಗುತ್ತದೆ ಅನ್ನುವುದು ಬೇರೆ ಮಾತು. ಶುದ್ಧ ಮೆಹಂದಿ ಬಿಳಿಕೂದಲಿಗೆ ಕೊಡುವುದು ಕೇಸರಿ-ಕೆಂಪು ಬಣ್ಣ. ಕಪ್ಪಾಗಬೇಕಾದರೆ ಮೇಲೆ ಇಂಡಿಗೊ ಬೇಕು. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿ ಗಂಟೆಯೊಳಗೆ ಕಡುಕಪ್ಪು ಮಾಡಿದರೆ ಅದರಲ್ಲಿ ಪಿಪಿಡಿ ಸೇರಿದೆಯೆಂದೇ ಅನುಮಾನಿಸಿ.

ಇನ್ನು ಕ್ಯಾನ್ಸರ್ ಭಯ. ಅಮೆರಿಕದ 1,17,200 ದಾದಿಯರನ್ನು 36 ವರ್ಷ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪರ್ಮನೆಂಟ್ ಡೈ ಬಳಸಿದವರಲ್ಲಿ ಹೆಚ್ಚಿನ ಕ್ಯಾನ್ಸರ್‌ಗಳ ಅಪಾಯ ಏರಿರಲಿಲ್ಲ. ಅಂಡಾಶಯದ ಕ್ಯಾನ್ಸರ್ ಮತ್ತು ಕೆಲವು ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಸಣ್ಣ ಏರಿಕೆ ಕಂಡಿತು. ಅವರಲ್ಲಿ ಬಹುತೇಕರು ಬಿಳಿಯರು ಅನ್ನುವುದು ಅದರ ಮಿತಿ. 2019ರಲ್ಲಿ ಪ್ರಕಟವಾದ ‘ಸಿಸ್ಟರ್ ಸ್ಟಡಿ’ ಎಂಬ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಪರ್ಮನೆಂಟ್ ಡೈ ಬಳಸಿದವರಿಗೆ ಸ್ತನ ಕ್ಯಾನ್ಸರ್ ಅಪಾಯ 9% ಹೆಚ್ಚು, ಕಪ್ಪು ಮಹಿಳೆಯರಲ್ಲಿ 45% ಹೆಚ್ಚು ಎಂದು ಬಂತು. ಅದರಲ್ಲಿದ್ದವರೆಲ್ಲ ಅಕ್ಕನಿಗೋ ತಂಗಿಗೋ ಸ್ತನ ಕ್ಯಾನ್ಸರ್ ಬಂದಿದ್ದವರು. ಆ 9% ಅಂದರೆ ಎಷ್ಟು? ಅಧ್ಯಯನ ನಡೆದ ಅವಧಿಯಲ್ಲಿ ಅವರಲ್ಲಿ ನೂರಕ್ಕೆ ಸುಮಾರು 6 ಜನರಿಗೆ ರೋಗ ಬಂದಿತ್ತು. ಆರರ 9% ಅಂದರೆ ನೂರಕ್ಕೆ ಅರ್ಧ ಜನ ಹೆಚ್ಚು. ಡೈಯೇ ಕಾರಣ ಅನ್ನುವುದು ಇದರಿಂದ ಸಾಬೀತಾಗುವುದಿಲ್ಲ, ತಳ್ಳಿಹಾಕುವಂತೆಯೂ ಇಲ್ಲ. ಮನೆಯಲ್ಲಿ ಸ್ತನ ಕ್ಯಾನ್ಸರ್ ಇರುವವರು ಮೆಹಂದಿಯ ಕಡೆ ವಾಲಿದರೆ ನಾನು ಅತಿ ಎಚ್ಚರಿಕೆ ಅನ್ನುವುದಿಲ್ಲ. ದಿನವಿಡೀ ಡೈ ಕಲಸುವ ಸಲೂನಿನವರದು ಬೇರೆ ಲೆಕ್ಕ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಅವರ ಕೆಲಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದೆ, ಸ್ವಂತ ಬಳಕೆಯ ಬಗ್ಗೆ ಮಾತ್ರ ‘ನಿರ್ಧರಿಸಲು ಪುರಾವೆ ಸಾಲದು’ ಎಂದಿದೆ.

ನಾನು ನಿಜವಾಗಿ ಹೆದರುವುದು ಪಿಪಿಡಿ ಅಲರ್ಜಿಗೆ. ವರ್ಷಗಟ್ಟಲೆ ಒಗ್ಗಿದ ಡೈಗೂ ಒಂದು ದಿನ ಅದು ಶುರುವಾಗಬಹುದು, ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ: ಕಿವಿಯ ಸುತ್ತ, ಹಣೆಯಂಚಿನಲ್ಲಿ ತುರಿಕೆ, ಆಮೇಲೆ ರೆಪ್ಪೆ ಊದುವುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಅದಕ್ಕೇ ಡಬ್ಬಿಯಲ್ಲಿ ಹೇಳಿದಂತೆ ಪ್ರತಿ ಸಲ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡುತ್ತೇನೆ. ಚರ್ಮ ಕೆಂಪಾದರೆ ಆ ಡಬ್ಬಿ ನೇರ ಕಸಕ್ಕೆ. ಮುಖ ಊದಿ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.